ಕಣ್ಣಿಗೆ ಒಂದೇ ಪುಟ, ಲೆಕ್ಕಕ್ಕೆ 85 ತಪ್ಪು

ಆ ಮೀಟಿಂಗ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತೆ. ಬರೆದುಬಿಟ್ಟರೆ ಸ್ವಲ್ಪ ಹಗುರ ಆಗಬಹುದು ಅಂತ ಬರೀತಿದ್ದೀನಿ.

ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ಡಿಜಿಟೈಸೇಶನ್ ಆಫೀಸು. ಕೆಳಗೆ ಅಂಗಡಿ, ಮೇಲೆ ನಾವು ಏಳು ಜನ, ಎರಡು ಸ್ಕ್ಯಾನರ್. ಚಿತ್ರದುರ್ಗದ ಕಡೆಯವರು ಒಬ್ಬರು ಹಳೇ ಕನ್ನಡ ಪತ್ರಿಕೆಯ 412 ಪುಟ ತಂದುಕೊಟ್ಟಿದ್ದರು. ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ಓಸಿಆರ್ ಸಾಫ್ಟ್‌ವೇರ್ ಹಾಕಿ, ತಿದ್ದಿ, ಹುಡುಕಲು ಬರುವ ಹಾಗೆ ಪಠ್ಯ ಕೊಡಬೇಕು. ತಿದ್ದುವ ಮೊದಲೇ ಓಸಿಆರ್ ಅಕ್ಷರಕ್ಕೆ ನೂರಕ್ಕೆ 95 ಸರಿ ಇರಬೇಕು ಅಂತ ಕರಾರು. ಸ್ಕ್ಯಾನಿಂಗ್ ಹುಡುಗ ಮೂರು ವಾರ ಅದರ ಹಿಂದೆ ಬಿದ್ದಿದ್ದ. ಹಳದಿ ಕಾಗದದ ಹಿನ್ನೆಲೆ ತೆಗೆಯೋದು, ಬಾಗಿದ ಸಾಲು ನೇರ ಮಾಡೋದು, ಎಲ್ಲ ಅವನದೇ ಕೈ. ಅಳೆಯೋದು ಮಾತ್ರ ನನ್ನ ಕೆಲಸ.

ಅಳತೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಪುಟವನ್ನ ಕೈಯಲ್ಲಿ ಜೋಪಾನವಾಗಿ ಟೈಪ್ ಮಾಡಿಸಬೇಕು, ಅದು ಮಾದರಿ. ಓಸಿಆರ್ ಕೊಟ್ಟ ಪಠ್ಯವನ್ನ ಮಾದರಿಯ ಹಾಗೆ ಮಾಡಲು ಕನಿಷ್ಠ ಎಷ್ಟು ಕಡೆ ಕೈ ಹಾಕಬೇಕು ಅಂತ ಸ್ಕ್ರಿಪ್ಟ್ ಎಣಿಸುತ್ತೆ. ಒಂದು ಅಕ್ಷರ ಬದಲಿಸಿದರೆ ಒಂದು, ಬಿಟ್ಟದ್ದನ್ನ ಸೇರಿಸಿದರೆ ಒಂದು, ಜಾಸ್ತಿ ಇದ್ದದ್ದನ್ನ ತೆಗೆದರೆ ಒಂದು. ಆ ಮೊತ್ತವನ್ನ ಮಾದರಿಯ ಒಟ್ಟು ಅಕ್ಷರಗಳಿಂದ ಭಾಗಿಸಿದರೆ ಸಿಇಆರ್. ಅದನ್ನೇ ಪದಗಳಿಗೆ ಮಾಡಿದರೆ ಡಬ್ಲ್ಯುಇಆರ್. ಇಲ್ಲಿ ಅಕ್ಷರ ಅಂದರೆ ಮೇಷ್ಟ್ರು ಕಲಿಸಿದ ಅಕ್ಷರ ಅಲ್ಲ, ಕಂಪ್ಯೂಟರಿನ ಅಕ್ಷರ. "ತ್ರ" ನಮಗೆ ಒಂದು, ಅದಕ್ಕೆ ತ, ಹಲಂತ, ರ ಸೇರಿ ಮೂರು.

ಮಾದರಿ ಪುಟ ಟೈಪ್ ಮಾಡಿದ್ದು ನಮ್ಮ ಆಫೀಸಿನ ಅಕ್ಕ. ಹದಿನೈದು ವರ್ಷದಿಂದ ಟೈಪಿಂಗೇ ಮಾಡಿಕೊಂಡು ಬಂದವರು, ಕೀಬೋರ್ಡ್ ನೋಡೋದೇ ಇಲ್ಲ. ಅವರು ಟೈಪ್ ಮಾಡಿದರೆ ಮುಗೀತು, ಮತ್ತೆ ನೋಡೋದೇನಿದೆ ಅಂದುಕೊಂಡೆ. ಮೀಟಿಂಗಿಗೆ ಅರ್ಧ ಗಂಟೆ ಇರುವಾಗ ಸ್ಕ್ರಿಪ್ಟ್ ಓಡಿಸಿದೆ. 1,467 ಅಕ್ಷರಕ್ಕೆ 164 ತಪ್ಪು. ಸಿಇಆರ್ ನೂರಕ್ಕೆ 11.2. ಪದದ ಲೆಕ್ಕ ಇನ್ನೂ ಘೋರ, 168 ಪದದಲ್ಲಿ 79 ತಪ್ಪು.

ಅಲ್ಲೇ ನಿಲ್ಲಬೇಕಿತ್ತು. ಅರ್ಧಕ್ಕರ್ಧ ಪದ ಕೆಟ್ಟಿರುವ ಪುಟ ಕಣ್ಣಿಗೆ ಹೇಗೆ ಕಾಣಬೇಕು ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಮೀಟಿಂಗಲ್ಲಿ ಗಿರಾಕಿಗಳ ಎದುರೇ ಹೇಳಿಬಿಟ್ಟೆ: "ಸ್ಕ್ಯಾನಿಂಗ್ ಕಡೆ ಇನ್ನೂ ಕೆಲಸ ಆಗಬೇಕು ಸಾರ್, 89 ಪರ್ಸೆಂಟ್ ದಾಟ್ತಿಲ್ಲ." ಬಾಸ್ ಹುಡುಗನ ಮುಖ ನೋಡಿದರು. ಹುಡುಗ ಏನೂ ಮಾತಾಡಲಿಲ್ಲ, ಎದ್ದು ಎರಡೂ ಫೈಲನ್ನ ಪ್ರೊಜೆಕ್ಟರಲ್ಲಿ ಪಕ್ಕಪಕ್ಕ ಹಾಕಿದ.

ಚಿತ್ರದುರ್ಗದಿಂದ ಬಂದವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಕನ್ನಡಕ ಏರಿಸಿಕೊಂಡು, ಗೋಡೆ ಹತ್ತಿರ ಹೋಗಿ, ಬೆರಳಿಟ್ಟು ಓದೋಕೆ ಶುರು ಮಾಡಿದರು. ಒಂದನೇ ಸಾಲು. ಎರಡನೇ ಸಾಲು. ಫ್ಯಾನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆರನೇ ಸಾಲಿನವರೆಗೆ ಅವರಿಗೆ ಸಿಕ್ಕಿದ್ದು ಎಂಟೋ ಒಂಬತ್ತೋ ತಪ್ಪು. ನನ್ನ ಲೆಕ್ಕದಲ್ಲಿ ಅಷ್ಟರಲ್ಲಿ ನಲವತ್ತಾಗಬೇಕಿತ್ತು. ತಿರುಗಿ ನೋಡಿ ಕೇಳಿದರು: "ಎಲ್ಲೈತ್ರೀ ನೀವು ಹೇಳೋ ತಪ್ಪು? ಎರಡೂ ಒಂದೇ ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಸಾಫ್ಟ್‌ವೇರ್ ಹೇಳ್ತಿದೆ ಸಾರ್" ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಎಲ್ಲರನ್ನೂ ಬೆಣ್ಣೆ ದೋಸೆಗೆ ಕಳಿಸಿ ನಾನು ಕೂತೆ. ಸ್ಕ್ರಿಪ್ಟ್ ತಪ್ಪುಗಳ ಪಟ್ಟಿಯನ್ನೂ ಕೊಡುತ್ತೆ, ಯಾವುದರ ಬದಲು ಏನು ಬಂದಿದೆ, ಎಷ್ಟು ಸಲ ಅಂತ. ನಾನು ತೆರೆದೇ ಇರಲಿಲ್ಲ. ತೆರೆದರೆ "ಕೇ ಬದಲು ಕೇ", "ಗೋ ಬದಲು ಗೋ" ಅಂತಲೇ ಸಾಲುಸಾಲು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡರ ಒಳಗೂ ಏನಿದೆ ಅಂತ ಇಣುಕಿದೆ:

```
print([hex(ord(c)) for c in s])
['0xc95', '0xccb']                     # ಓಸಿಆರ್: ಕೋ
['0xc95', '0xcc6', '0xcc2', '0xcd5']   # ಮಾದರಿ: ಕೋ
```

ಓಸಿಆರ್ ಕೊಟ್ಟ "ಕೋ"ನಲ್ಲಿ ಕ ಆದಮೇಲೆ ಓತ್ವ ಒಂದೇ ತುಂಡು. ಮಾದರಿಯಲ್ಲಿ ಅದೇ ಓತ್ವ ಮೂರು ತುಂಡು: ಎತ್ವ, ಊ ಕಾರದ ಕೊಂಬು, ದೀರ್ಘ. ಪರದೆ ಮೇಲೆ ಕೂದಲಷ್ಟೂ ವ್ಯತ್ಯಾಸ ಕಾಣಲ್ಲ. ಅಕ್ಕ ಇವತ್ತಿಗೂ ಟೈಪ್ ಮಾಡೋದು ನುಡಿ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ, ಅಲ್ಲಿ ಈ ಅಕ್ಷರ ಇರೋದೇ ತುಂಡುತುಂಡಾಗಿ. ನಾವು ಬಳಸುವ ಯಾವುದೋ ಓಬೀರಾಯನ ಕಾಲದ ಕನ್ವರ್ಟರ್ ಆ ತುಂಡುಗಳನ್ನ ಹಾಗೇ ಯೂನಿಕೋಡಿಗೆ ಎತ್ತಿ ಹಾಕಿದೆ, ಜೋಡಿಸಿಲ್ಲ. ಅದನ್ನ ಬದಲಿಸಿ ಅಂತ ಎರಡು ವರ್ಷದಿಂದ ಕೇಳ್ತಿದ್ದೀನಿ, ನಡೀತಿದೆಯಲ್ಲ ಅನ್ನೋದೇ ಉತ್ತರ.

ಕೂತು ಎಣಿಸಿದೆ. ಓತ್ವ 9 ಕಡೆ, ಒಂದೊಂದಕ್ಕೂ 3 ತಪ್ಪು. ಕೇ, ಕೀ, ಕೊ ತರದ್ದು 29 ಕಡೆ, ಒಂದೊಂದಕ್ಕೂ 2. ಒಟ್ಟು 85. ಅಂದರೆ 164ರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪೇ ಅಲ್ಲ. ಮದ್ದು ಒಂದು ಸಾಲಿನದು, ಎಣಿಸುವ ಮೊದಲು ಎರಡೂ ಫೈಲಿಗೆ ಇದನ್ನ ಹಾಕಬೇಕು:

```
t = unicodedata.normalize("NFC", t)
```

ತುಂಡುಗಳು ಕೂಡಿಕೊಂಡವು. ಮಾದರಿ 1,420 ಅಕ್ಷರಕ್ಕೆ ಇಳಿಯಿತು, ತಪ್ಪು 79, ಸಿಇಆರ್ 5.6. ಕರಾರಿಗೆ ಇನ್ನೂ ಕೂದಲೆಳೆ ಕಮ್ಮಿ.

ಪಟ್ಟಿಯಲ್ಲಿ ಮುಂದಿನದು "ಂ ಬದಲು ೦", 12 ಸಲ. ಇದೂ ಕಣ್ಣಿಗೆ ಒಂದೇ. ಮೊದಲನೆಯದು ಸೊನ್ನೆ ಅನ್ನೋ ಅನುಸ್ವಾರ, ಎರಡನೆಯದು ಅಂಕಿಯ ಸೊನ್ನೆ. ಅಷ್ಟೊತ್ತಿಗೆ ಹುಡುಗ ವಾಪಸ್ ಬಂದಿದ್ದ. "ಇದನ್ನೂ ಎರಡೂ ಫೈಲಲ್ಲಿ ಒಂದೇ ಮಾಡಿಬಿಡಿ ಸಾರ್, ಹೋಗುತ್ತೆ" ಅಂದ. ಕೋಪ ಇದ್ದೇ ಇತ್ತು ಅವನಿಗೆ, ಇರಲಿ. ಆದರೆ ಇದನ್ನ ನಾನು ಒಪ್ಪಲಿಲ್ಲ. ತುಂಡಾದ ಓತ್ವವೂ ಇಡೀ ಓತ್ವವೂ ಒಂದೇ ಅಂತ ಯೂನಿಕೋಡ್ ತಾನೇ ಒಪ್ಪುತ್ತೆ. ಅನುಸ್ವಾರ ಮತ್ತು ಅಂಕಿ ಬೇರೆಬೇರೆ ಅಕ್ಷರ, ಅದಕ್ಕೇ ಮೇಲಿನ ಆ ಸಾಲು ಇವನ್ನ ಮುಟ್ಟಲ್ಲ. ನಾಳೆ ಯಾರೋ "ಸಂತೆ" ಅಂತ ಹುಡುಕಿದರೆ "ಸ೦ತೆ" ಸಿಗಲ್ಲ, ಗಿರಾಕಿ ದುಡ್ಡು ಕೊಡ್ತಿರೋದೇ ಹುಡುಕೋದಕ್ಕೆ. ಎರಡು ಕನ್ನಡ ಅಕ್ಷರಗಳ ನಡುವೆ ಅಂಕಿ ಸೊನ್ನೆ ಬಂದರೆ ಅನುಸ್ವಾರ ಮಾಡು ಅಂತ ಓಸಿಆರ್ ಆದಮೇಲೆ ಒಂದು ನಿಯಮ ಹಾಕಿಕೊಳ್ಳೋಣ, ಅದು ತಿದ್ದುಪಡಿ. ಅಳೆಯುವಾಗ ಮಾತ್ರ ಅದು ತಪ್ಪೇ. 12 ಹಾಗೇ ಉಳಿಯಿತು.

ಉಳಿದ 67 ನೋಡೋಕೆ ಮೂಲ ಪುಟದ ಸ್ಕ್ಯಾನೇ ತೆಗೆದೆ. ಇಲ್ಲಿ ಬಿತ್ತು ನೋಡಿ ಎರಡನೇ ಏಟು. ಪುಟದಲ್ಲಿ "ಧರ್ಮ್ಮ" ಅಂತಿದೆ, ಹಳೇ ಅಚ್ಚಿನ ಒತ್ತು. ಓಸಿಆರ್ "ಧರ್ಮ್ಮ" ಅಂತಲೇ ಓದಿದೆ. ಅಕ್ಕ "ಧರ್ಮ" ಮಾಡಿದ್ದಾರೆ. ಪುಟದಲ್ಲಿ "ವರುಷ", ಅಕ್ಕನದು "ವರ್ಷ". ಪುಟದಲ್ಲಿ ಮೊಳೆ ಜೋಡಿಸಿದವನು ಬಿಟ್ಟ ಒಂದು ಕೊಂಬನ್ನ ಅಕ್ಕ ಪಾಪ ಸೇರಿಸಿಕೊಟ್ಟಿದ್ದಾರೆ. ಹೀಗೆ 31 ತಪ್ಪು. ಓಸಿಆರ್ ಇದ್ದದ್ದನ್ನ ಇದ್ದ ಹಾಗೆ ಓದಿದ್ದಕ್ಕೆ ಶಿಕ್ಷೆ.

ಅಕ್ಕನ ತಪ್ಪೇನಿಲ್ಲ. ಹದಿನೈದು ವರ್ಷ ಅವರಿಗೆ ಸಂಬಳ ಕೊಟ್ಟಿದ್ದೇ ತಪ್ಪು ಕಂಡರೆ ತಿದ್ದಿ ಅಂತ. ಇದು ಬೇರೆ ತರದ ಟೈಪಿಂಗ್, ಕಂಡದ್ದನ್ನ ಕಂಡ ಹಾಗೆ ಹೊಡೀಬೇಕು ಅಂತ ನಾನು ಹೇಳಿಯೇ ಇರಲಿಲ್ಲ. ಆಮೇಲೆ ಅದೇ ಪುಟವನ್ನ ಅಕ್ಕ ಒಂದು ಸಲ, ಇನ್ನೊಬ್ಬ ಹುಡುಗಿ ಒಂದು ಸಲ, ಒಬ್ಬರದು ಒಬ್ಬರು ನೋಡದೆ ಟೈಪ್ ಮಾಡಿದರು. ಎರಡನ್ನೂ ಹೋಲಿಸಿ, ಬೇರೆ ಬಂದ ಕಡೆ ಮಾತ್ರ ಸ್ಕ್ಯಾನ್ ನೋಡಿ ತೀರ್ಮಾನ. ಮಾದರಿ 1,426 ಅಕ್ಷರ ಆಯಿತು, ತಪ್ಪು 48, ಸಿಇಆರ್ 3.4. ಹುಡುಗ ಗೆದ್ದಿದ್ದ. ಎಲ್ಲರ ಎದುರು ಬೈದಿದ್ದೆ, ಕ್ಷಮೆ ಮಾತ್ರ ಮೆಟ್ಟಿಲ ಮೇಲೆ ಕೇಳಿದೆ. ಅದು ಸರಿ ಹೋಗಲಿಲ್ಲ ಅಂತ ನನಗೂ ಗೊತ್ತು.

ಬಾಸಿಗೆ ಖುಷಿಯೋ ಖುಷಿ. "96.6 ಅಂತ ಹಾಕಿ ಕಳಿಸಿ, ಆ ಪದದ ಲೆಕ್ಕ ಬೇಡ." ಪದದ ಲೆಕ್ಕ ಇನ್ನೂ ಚುಚ್ಚುವ ಹಾಗೇ ಇತ್ತು, 168ರಲ್ಲಿ 33, ನೂರಕ್ಕೆ 19.6. ಕನ್ನಡದಲ್ಲಿ ಪದ ಉದ್ದ, ಪ್ರತ್ಯಯ ಎಲ್ಲ ಅಂಟಿಕೊಂಡೇ ಬರುತ್ತೆ, ಅದರಲ್ಲಿ ಒಂದು ಚುಕ್ಕಿ ಕೆಟ್ಟರೂ ಇಡೀ ಪದ ತಪ್ಪು. ಜಾಗ ತಪ್ಪಿ ಬಿದ್ದರಂತೂ ಇನ್ನೂ ದುಬಾರಿ. ಒಂದು ಸಾಲು ನೋಡಿ:

```
ಮಾದರಿ: ಊರ ಜನರೆಲ್ಲಾ ಸಂತೆಗೆ ಬಂದಿದ್ದರು
ಓಸಿಆರ್: ಊರ ಜನ ರೆಲ್ಲಾ ಸ೦ತೆಗೆ ಬಂದಿದ್ದರು
```

ಜಾಗ ಸೇರಿ 28 ಅಕ್ಷರ. ತಪ್ಪು ಎರಡೇ, ಒಂದು ಜಾಸ್ತಿ ಬಂದ ಜಾಗ, ಒಂದು ಸೊನ್ನೆ. ಸಿಇಆರ್ 7.1. ಪದಕ್ಕೆ ಬಂದರೆ "ಜನರೆಲ್ಲಾ" ಒಡೆದದ್ದಕ್ಕೇ ಎರಡು ತಪ್ಪು, ಪದ ಬದಲಾದದ್ದು ಒಂದು, ಹೊಸ ಪದ ಸೇರಿದ್ದು ಒಂದು. "ಸಂತೆಗೆ" ಇನ್ನೊಂದು. ನಾಲ್ಕು ಪದಕ್ಕೆ ಮೂರು ತಪ್ಪು, ನೂರಕ್ಕೆ 75.

ಬಾಸಿಗೆ ಇದು ಗಿರಾಕಿಯನ್ನ ಹೆದರಿಸೋ ಸಂಖ್ಯೆ. ತಿದ್ದುವ ಅಕ್ಕನಿಗೆ ಇದೇ ಕೂಲಿ. ಪುಟಕ್ಕೆ 33 ಕಡೆ ಕೈ ಇಡಬೇಕು ಅಂದರೆ 412 ಪುಟಕ್ಕೆ ಹದಿಮೂರೂವರೆ ಸಾವಿರ ಕಡೆ. ಅದೂ ಎಲ್ಲ ಪುಟ ಈ ಪುಟದಷ್ಟೇ ಚೆನ್ನಾಗಿದ್ದರೆ. ಇದು ಮೊದಲ ಸಂಚಿಕೆಯ, ಎರಡು ಕಾಲಂ ಇಲ್ಲದ, ಗೆದ್ದಲು ತಿನ್ನದ ಪುಟ, ನಾನೇ ಆರಿಸಿದ್ದು. ನಾವು ತಿದ್ದುವ ಕೆಲಸಕ್ಕೆ ರೇಟ್ ಹೇಳಿದ್ದು ಮಾತ್ರ 95 ಪರ್ಸೆಂಟ್ ಅನ್ನೋ ಧೈರ್ಯದ ಮೇಲೆ. ಕೊನೆಗೆ ಎರಡೂ ಸಂಖ್ಯೆ ಹಾಕಿಯೇ ಕಳಿಸಿದೆ. ಬಾಸ್ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೇಷ್ಟ್ರು ಫೋನ್ ಮಾಡಿ ಕೇಳಿದ್ದು ಒಂದೇ, "ಸಂತೆ ಅಂತ ಹುಡುಕಿದ್ರೆ ಸಿಗ್ತದೇನ್ರೀ ಈಗ?"

ಈಗ ಮಾದರಿ ಪುಟಗಳನ್ನ ಬೇರೆಬೇರೆ ಸಂಚಿಕೆಯಿಂದ ಚೀಟಿ ಎತ್ತಿ ತೆಗೀತೀವಿ, ಹತ್ತು ಪುಟ. ಕನ್ವರ್ಟರ್ ಇನ್ನೂ ಅದೇ ಇದೆ. ಅಕ್ಕ ಮೊನ್ನೆ ಟೈಪ್ ಮಾಡಿದ ಪುಟದ ಜೊತೆ ಒಂದು ಚೀಟಿ ಅಂಟಿಸಿದ್ದರು: "ಏಳನೇ ಸಾಲು, ಹದಿನಾಲ್ಕನೇ ಸಾಲು ಅಚ್ಚಿನಲ್ಲೇ ತಪ್ಪಾಗಿದೆ. ನೀವು ಹೇಳಿದ್ದಕ್ಕೆ ಹಾಗೇ ಬಿಟ್ಟಿದ್ದೀನಿ. ಹೊಟ್ಟೆ ಉರೀತಿದೆ."