ಎಂಟು ಸಂಖ್ಯೆಗಳು, ಹನ್ನೆರಡು ನಿಮಿಷ

ಕ್ಯಾಂಪಸ್ ಆಯ್ಕೆಯ ಗುಂಪು ಚರ್ಚೆಗೆ ನಮ್ಮನ್ನು ಸಿದ್ಧಗೊಳಿಸುತ್ತಿದ್ದುದು ಮೂರನೇ ವರ್ಷದ ಕೊನೆಯಲ್ಲಿ. ಕಲಬುರಗಿಯ ಏಪ್ರಿಲ್ ಬಿಸಿಲು ಎಂಥದ್ದೆಂದು ಇಲ್ಲಿ ಓದಿದವರಿಗೆ ಹೇಳಬೇಕಿಲ್ಲ. ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತಿದ್ದ ಮೇಡಂ ಎಂಟು ಜನರನ್ನು ವೃತ್ತಾಕಾರದಲ್ಲಿ ಕೂರಿಸಿ, ಎದೆಗೆ ಸಂಖ್ಯೆಯ ಚೀಟಿ ಹಚ್ಚಿ, ನಡುವೆ ಮಡಚಿದ ಟವೆಲ್ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ಟವೆಲ್ ಇಲ್ಲದಿದ್ದರೆ ಯಾರಾದರೂ ಮೇಜು ಕುಟ್ಟಿದಾಗ ಮಾತಿಗಿಂತ ಆ ಸದ್ದೇ ಜೋರಾಗಿ ಕೇಳುತ್ತದೆ. ಚರ್ಚೆ ನಡೆಯುವಷ್ಟು ಹೊತ್ತು ಫ್ಯಾನ್ ಬಂದ್. ಆ ಸೆಕೆಯನ್ನು ನೆನೆದರೆ ಈಗಲೂ ಬೆವರು ಬರುತ್ತದೆ.

ಆ ರೆಕಾರ್ಡಿಂಗ್‌ಗಳನ್ನು ಕೇಳಿ ಪ್ರತಿಯೊಬ್ಬರೂ ಏನು ಹೇಳಿದರು, ಅವರಿಗೆ ಏನು ಹೇಳಬೇಕು ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಧ್ವನಿಯನ್ನು ಈ ಕೆಲಸಕ್ಕೆ ಮಾತ್ರ ಬಳಸಿ ಅಳಿಸುತ್ತೇವೆ ಎಂದು ಮೇಡಂ ಮೊದಲೇ ಹೇಳಿ ಎಲ್ಲರ ಒಪ್ಪಿಗೆ ಪಡೆಯುತ್ತಿದ್ದರು. ಆರಂಭದಲ್ಲಿ ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಿದ್ದರು. ಅದನ್ನು ಕೇಳಿದರೆ ಯಾವ ಧ್ವನಿ ಯಾರದು ಎಂಬುದು ಗೊತ್ತಾಗುತ್ತಿತ್ತು. ಆದರೂ ಮೂರನೆಯವಳ ಮತ್ತು ಐದನೆಯವಳ ಧ್ವನಿ ಒಂದೇ ಎನ್ನುವಷ್ಟು ಹತ್ತಿರ ಇದ್ದವು. ಅನುಮಾನ ಬಂದ ಮಾತನ್ನು ಅವರಿಬ್ಬರಿಗೂ ಕೇಳಿಸಿ ಯಾರದೆಂದು ಖಚಿತಪಡಿಸಿಕೊಳ್ಳುವುದೇ ದಾರಿ. ಇಬ್ಬರು ಒಟ್ಟಿಗೆ ಮಾತನಾಡಿ ಏನೂ ತಿಳಿಯದ ಕಡೆ ‘ಸ್ಪಷ್ಟವಿಲ್ಲ’ ಎಂದು ಬರೆದು ಬಿಡಬೇಕು. ಅಂಥ ಕಡೆ ಊಹಿಸಿ ಬರೆದರೆ ಮಾತು ಸಾಮಾನ್ಯವಾಗಿ ಗಟ್ಟಿ ಗಂಟಲಿನವನ ಖಾತೆಗೇ ಹೋಗುತ್ತದೆ.

ಒಂದು ಚರ್ಚೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಐಟಿ ಕಂಪನಿಗಳು ಕಲಬುರಗಿಯಂಥ ನಗರಗಳಿಗೆ ಬರಬೇಕೇ ಎಂಬುದು ವಿಷಯ. ಹನ್ನೆರಡು ನಿಮಿಷದ ಅವಧಿ, ಅಂದರೆ ಸಮನಾಗಿ ಹಂಚಿದರೆ ತಲಾ ಒಂದೂವರೆ ನಿಮಿಷ. ಚರ್ಚೆ ಮುಗಿದಾಗ ಸುತ್ತ ಕುಳಿತು ನೋಡಿದವರೆಲ್ಲ ಏಳನೆಯವನೇ ಗೆದ್ದ ಎಂದರು. ‘ಏಳು ಹೇಳಿದಂತೆ’ ಎಂದು ಇತರರು ಮೂರ್ನಾಲ್ಕು ಸಲ ಹೇಳಿದ್ದೂ ನಿಜ.

ನಾನು ಮೊದಲು ಮಾಡುತ್ತಿದ್ದುದು ಸಾರಾಂಶವಲ್ಲ, ಸರದಿಯ ಪಟ್ಟಿ. ಒಬ್ಬರು ಬಾಯಿ ತೆರೆದಾಗಲೆಲ್ಲ ಒಂದು ಸಾಲು: ಸಮಯ, ಸಂಖ್ಯೆ, ಮಾತಿನ ಬಗೆ. ಹೊಸ ಅಂಶವೇ, ಇನ್ನೊಬ್ಬರಿಗೆ ಬೆಂಬಲವೇ, ವಿರೋಧವೇ, ಪ್ರಶ್ನೆಯೇ ಅಥವಾ ಬರೀ ಪುನರಾವರ್ತನೆಯೇ? ಈ ಪಟ್ಟಿಯಿಲ್ಲದೆ ನೆನಪಿನಿಂದ ಸಾರಾಂಶ ಬರೆದರೆ ಕೊನೆಗೆ ಹೇಳಿದವನಿಗೆ ಶ್ರೇಯ ಹೋಗುತ್ತದೆ, ಮೊದಲು ಹೇಳಿದವನು ಮರೆಯಾಗುತ್ತಾನೆ.

ಇಲ್ಲಿ ಆಗಿದ್ದೂ ಅದೇ. 4:20ರಲ್ಲಿ ನಾಲ್ಕನೆಯವಳು ಮೆಲ್ಲಗೆ, ತಡವರಿಸುವ ಇಂಗ್ಲಿಷ್‌ನಲ್ಲಿ, ಅರ್ಧ ವಾಕ್ಯ ಹಿಂದಿಯಲ್ಲಿ, ಯಾವ ಕೆಲಸ ಬರಬೇಕೆಂದು ಮೊದಲು ನಿರ್ಧರಿಸೋಣ, ಸಾವಿರ ಜನರ ಕಚೇರಿ ಬೇಡ, ಐವತ್ತು ಜನರ ಗ್ರಾಹಕ ಸೇವಾ ಕೇಂದ್ರ ಸಾಧ್ಯವಲ್ಲವೇ ಎಂದು ಕೇಳಿದ್ದಳು. ಇಪ್ಪತ್ತೇ ಸೆಕೆಂಡು. ಯಾರೂ ಉತ್ತರಿಸಲಿಲ್ಲ. 6:05ರಲ್ಲಿ ಏಳನೆಯವನು ಸಣ್ಣ ಕಚೇರಿಯಿಂದಲೇ ಆರಂಭಿಸಬೇಕು ಎಂದು ಘೋಷಿಸಿದ. ಮುಂದಿನ ಆರು ನಿಮಿಷದ ಚರ್ಚೆ ಅದರ ಮೇಲೆಯೇ ನಡೆಯಿತು. ಆದರೆ ಏಳನೆಯವನನ್ನು ಕಳ್ಳ ಎಂದು ಬರೆದರೂ ತಪ್ಪೇ. ನಮ್ಮೂರಿನ ದಾಲ್ ಮಿಲ್‌ಗಳ ದಾಸ್ತಾನು ಮತ್ತು ಲೆಕ್ಕಪತ್ರದ ಸಾಫ್ಟ್‌ವೇರನ್ನು ಇಲ್ಲಿಯೇ ಮಾಡಬಹುದು ಎಂಬ ಉದಾಹರಣೆಯನ್ನು ಅವನು ಸೇರಿಸಿದ್ದ. ಅದು ಅವನದೇ. ಹಾಗಾಗಿ ಹಾಳೆಯಲ್ಲಿ ಹೀಗೆ ಬರೆದೆ: ‘ನಾಲ್ಕು: ಯಾವ ಬಗೆಯ ಕೆಲಸ ಎಂಬ ಪ್ರಶ್ನೆ ಎತ್ತಿದಳು, ಸಣ್ಣ ಕೇಂದ್ರವನ್ನು ಸೂಚಿಸಿದಳು. ಏಳು: ನಾಲ್ಕರ ಸೂಚನೆಯನ್ನು ಮುಂದುವರಿಸಿದ, ದಾಲ್ ಮಿಲ್‌ಗಳ ಉದಾಹರಣೆ ಕೊಟ್ಟ.’

ಅಂಶಗಳ ಅಂಕಣದಲ್ಲಿ ನಮ್ಮ ಅಭಿಪ್ರಾಯ ನುಸುಳಬಾರದು ಎಂಬುದು ಮೇಡಂ ಅವರ ಕಟ್ಟುನಿಟ್ಟು. ಆರನೆಯವನು 371(ಜೆ) ಇರುವುದರಿಂದ ಇಲ್ಲಿಗೆ ಬರುವ ಖಾಸಗಿ ಕಂಪನಿಗಳು ಸ್ಥಳೀಯರಿಗೇ ಕೆಲಸ ಕೊಡಬೇಕಾಗುತ್ತದೆ ಎಂದು ಬಿಟ್ಟ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಮತ್ತು ಶಿಕ್ಷಣ ಸಂಸ್ಥೆಗಳ ಸೀಟುಗಳಿಗೆ ಸಂಬಂಧಿಸಿದ್ದು, ಖಾಸಗಿ ನೌಕರಿಗೆ ಅಲ್ಲ. ಸಾರಾಂಶ ಬರೆಯುವವನಿಗೆ ಇಲ್ಲಿ ಕೈ ತುರಿಸುತ್ತದೆ. ಮಾತನ್ನು ತಿದ್ದಿ ಬರೆಯೋಣ, ಇಲ್ಲವೇ ಬಿಟ್ಟೇ ಬಿಡೋಣ ಅನಿಸುತ್ತದೆ. ಎರಡೂ ಸಲ್ಲದು. ಅವನು ಹೇಳಿದ್ದು ಹೇಳಿದಂತೆಯೇ ಅಂಶದಲ್ಲಿ ಬರಬೇಕು, ತಪ್ಪೆಂಬುದು ಪ್ರತಿಕ್ರಿಯೆಯಲ್ಲಿ ಬರಬೇಕು. ಮೂರನೆಯವಳು 2:55ಕ್ಕೆ ಅವನನ್ನು ತಿದ್ದಿದ್ದು ಅವಳ ಹೆಸರಿಗೆ ಪ್ರತ್ಯೇಕ ಅಂಶವಾಗಿ ಸೇರಬೇಕು. ಆರನೆಯವನ ಮಾತನ್ನು ನಾನೇ ಸರಿಪಡಿಸಿ ಬರೆದಿದ್ದರೆ ಮೂರನೆಯವಳು ಮಾಡಿದ್ದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಉಳಿದವರದು ಬೇಗ ಮುಗಿಯುತ್ತದೆ. ಒಂದನೆಯವನು ಚೆನ್ನಾಗಿ ಆರಂಭಿಸಿದ, ನಂತರ ಎಲ್ಲರ ಮಾತಿಗೂ ಅಡ್ಡ ಬಂದ. ಎರಡನೆಯವನು 2019ರಲ್ಲಿ ಆರಂಭವಾದ ವಿಮಾನ ನಿಲ್ದಾಣವನ್ನು ಮತ್ತು ಮುಂಬೈ–ಚೆನ್ನೈ ರೈಲು ಮಾರ್ಗವನ್ನು ಹೆಸರಿಸಿ ಅಲ್ಲಿಗೇ ನಿಂತ. ಎಂಟನೆಯವನು ಸಮಾರೋಪದಲ್ಲಿ ವಿರೋಧಿಸಿದವರ ಮಾತನ್ನೇ ಕೈಬಿಟ್ಟ.

ಐದನೆಯವಳ ವಿಷಯ ಮಾತ್ರ ಬೇರೆ. ಪಟ್ಟಿಯಲ್ಲಿ ಅವಳದು ಒಂದೇ ಪೂರ್ಣ ಮಾತು: ಕಂಪನಿಗಳು ವಿಮಾನ ನಿಲ್ದಾಣ ನೋಡಿ ಬರುವುದಿಲ್ಲ, ಕೆಲಸ ಬಲ್ಲವರು ಸಿಗುವ ಕಡೆ ಬರುತ್ತವೆ. ಆದರೆ ಕಿವಿಗೊಟ್ಟು ಕೇಳಿದರೆ ಬೇರೆ ಬೇರೆ ಕಡೆ ಅವಳ ‘ಬಟ್’ ಎಂಬ ಒಂಟಿ ಶಬ್ದ, ಅದರ ಹಿಂದೆಯೇ ಒಂದನೆಯವನ ದನಿ. ಇವನ್ನೂ ‘ಪ್ರಯತ್ನ, ತಡೆಯಾಯಿತು’ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಧ್ವನಿಯಲ್ಲಿ ಕಣ್ಣು, ಕೈ, ಮುಂದೆ ಬಾಗಿ ಕುಳಿತದ್ದು ಕಾಣುವುದಿಲ್ಲ. ಅದಕ್ಕೇ ಮೇಡಂ ತಾವು ಕುಳಿತು ನೋಡಿ ಬರೆದುಕೊಂಡದ್ದನ್ನು ನನ್ನ ಹಾಳೆಯ ಪಕ್ಕ ಇಟ್ಟು ಓದುತ್ತಿದ್ದರು.

ಪ್ರತಿಕ್ರಿಯೆ ಬರೆಯುವಾಗ ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಎಂದು ಬರೆದ ಹಾಳೆಯನ್ನು ಅವರು ವಾಪಸ್ ಕೊಡುತ್ತಿದ್ದರು. ಆ ಮಾತನ್ನು ಯಾರ ಹೆಸರಿನ ಕೆಳಗೆ ಬರೆದರೂ ನಡೆಯುತ್ತದೆ ಎಂಬುದೇ ಅವರ ತಕರಾರು. ಸಮಯ ಇರಬೇಕು, ಆಗ ಏನಾಯಿತು ಎಂದಿರಬೇಕು, ಮುಂದಿನ ಸಲ ಏನು ಮಾಡಬೇಕು ಎಂದಿರಬೇಕು. ನಾಲ್ಕನೆಯವಳಿಗೆ ಹೋದದ್ದು ಇದು: ‘4:20ರ ಪ್ರಶ್ನೆ ಇಡೀ ಚರ್ಚೆಯ ದಿಕ್ಕು ಬದಲಿಸಿತು. ಆದರೆ ಪ್ರಶ್ನೆ ಕೇಳಿ ಸುಮ್ಮನಾದೆ. ಮುಂದಿನ ಸಲ ಉತ್ತರದ ಒಂದು ಉದಾಹರಣೆಯನ್ನೂ ಜೊತೆಗೇ ಕೊಡು, ಸಂಖ್ಯೆ ಹೇಳಿ ಒಬ್ಬರನ್ನು ಕೇಳು.’ ಅವಳ ವ್ಯಾಕರಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವಳ ಮಾತು ತಲುಪದೆ ಹೋದದ್ದಕ್ಕೆ ಇಂಗ್ಲಿಷ್ ಕಾರಣವಲ್ಲ, ದನಿ ತಗ್ಗಿದ್ದು ಕಾರಣ. ಏಳನೆಯವನಿಗೆ: ‘6:05ರಲ್ಲಿ ನಾಲ್ಕರ ಮಾತನ್ನು ಮುಂದುವರಿಸಿದೆ. ಅವರ ಸಂಖ್ಯೆ ಹೇಳಿದ್ದರೆ ನೀನು ಇತರರನ್ನು ಕೇಳಿಸಿಕೊಳ್ಳುತ್ತೀಯ ಎಂಬುದು ಪ್ಯಾನೆಲ್‌ಗೆ ಗೊತ್ತಾಗುತ್ತಿತ್ತು.’

ಕೊನೆಗೆ ಹಾಳೆಯನ್ನು ಆಯಾ ಸಂಖ್ಯೆಯವರಿಗೇ ಓದಿ ಹೇಳಿ, ‘ನೀನು ಹೇಳಿದ್ದು ಇದೇನಾ?’ ಎಂದು ಕೇಳುತ್ತಿದ್ದೆವು. ‘ಹೌದು, ಆದರೆ…’ ಎಂದರೆ ನಾನು ಎಲ್ಲೋ ಅವರು ಕೊಡದ ಕಾರಣವೊಂದನ್ನು ಸೇರಿಸಿದ್ದೇನೆ ಎಂದೇ ಅರ್ಥ. ಏಳನೆಯವನು ತನ್ನ ಹಾಳೆ ಕೇಳಿ ಒಪ್ಪಲಿಲ್ಲ. ನಾಲ್ಕು ಹಾಗೆ ಹೇಳಿಯೇ ಇಲ್ಲ ಎಂದು ವಾದಕ್ಕೆ ನಿಂತ. ಮೇಡಂ ವಾದ ಮಾಡದೆ 4:20ಕ್ಕೆ ರೆಕಾರ್ಡಿಂಗ್ ಹಚ್ಚಿದರು. ಇಪ್ಪತ್ತು ಸೆಕೆಂಡು ಕೇಳಿದವನು, ‘ಇದು ನನಗೆ ಕೇಳಿಸಿಯೇ ಇರಲಿಲ್ಲ ಮೇಡಂ’ ಎಂದ. ಆ ಮಾತನ್ನೂ ಅವನ ಪ್ರತಿಕ್ರಿಯೆಯ ಕೆಳಗೆ ಬರೆದುಕೊಳ್ಳಲು ಅವರು ನನಗೆ ಹೇಳಿದರು.