‘ಹೆಚ್ಚಿನವರನ್ನು ನಂಬಬಹುದಾ?’ ಅಂತ ಕೇಳಿದಾಗ ನಾವು ಅಳೆದದ್ದು ಏನನ್ನು?

ಯೋಜನೆಯ ನಡುವೆ ಮಾಡುವ ಮಿಡ್‌ಲೈನ್ ಸರ್ವೆಯ ಡೇಟಾ ಕ್ಲೀನ್ ಆಗಿ ಬಂದ ದಿನ ನಮ್ಮ ಪ್ರೋಗ್ರಾಂ ಹೆಡ್ ಒಂದೇ ಒಂದು ಟೇಬಲ್ ಮುಂದಿಟ್ಟುಕೊಂಡು ಕೂತಿದ್ದರು. ಉಳಿತಾಯ ಗುಂಪುಗಳ ಯೋಜನೆ ಅದು. ಗುಂಪುಗಳು ಚೆನ್ನಾಗಿ ನಡೆಯುತ್ತಿದ್ದವು, ಸಾಲ ವಾಪಸ್ ಬರುತ್ತಿತ್ತು, ಸಭೆಗಳಿಗೆ ಜನ ತಪ್ಪದೆ ಬರುತ್ತಿದ್ದರು. ಆದರೆ ಯೋಜನೆಯ ಗುರಿ, ಅಳತೆಗಳನ್ನು ಸಾಲುಸಾಲಾಗಿ ಬರೆದಿಡುವ ಲಾಗ್‌ಫ್ರೇಮ್‌ನಲ್ಲಿ ‘ಸಾಮಾಜಿಕ ಬಂಡವಾಳ’, ಅಂದರೆ ಜನರ ನಡುವಿನ ನಂಬಿಕೆ, ಒಡನಾಟ, ಅಂತ ಇದ್ದ ಸಾಲಿನಲ್ಲಿ ನಂಬಿಕೆಯ ಅಂಕ ಶುರುವಿನಲ್ಲಿ ಮಾಡಿದ ಬೇಸ್‌ಲೈನ್ ಸರ್ವೆಗಿಂತ ಕೆಳಗೆ ಇಳಿದಿತ್ತು. ಮಧ್ಯಾಹ್ನ ಡೋನರ್ ಕಾಲ್ ಇತ್ತು.

‘ಅಂದರೆ ನಮ್ಮ ಯೋಜನೆಯೇ ಜನರ ನಡುವಿನ ನಂಬಿಕೆ ಹಾಳು ಮಾಡಿದೆ ಅಂತ ಅರ್ಥ ಅಲ್ವಾ?’ ಅಂತ ಅವರು ಕೇಳಿದರು. ಪಕ್ಕದಲ್ಲಿದ್ದ ಇನ್ನೊಬ್ಬರು, ‘ಸರ್, ಆ ಸಾಲನ್ನು ಅನೆಕ್ಸ್‌ಗೆ ಹಾಕಿಬಿಡೋಣ’ ಅಂದರು. ಎರಡೂ ಬೇಡ ಅಂತ ನಾನು ಹೇಳಿದೆ. ಅಂಕ ಇಳಿದಿದೆ, ಅದನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಆ ಅಂಕ ನಂಬಿಕೆಯನ್ನೇ ಅಳೆದಿದೆಯಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಸಿಗದೆ ಕಾರಣ ಬರೆಯಲು ಕೂರುವುದು ತಪ್ಪು. ಕಾಲ್‌ನಲ್ಲಿ ಡೋನರ್ ಕಡೆಯವರು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಅಂಕ ಇಳಿದಿದೆ ಅಂದರೆ ಇಳಿದಿದೆ, ವಿವರಣೆ ಕಳಿಸಿ’ ಅಂದರು. ಅಂಕ ಕೆಳಗೆ ಬಂದಾಗ ಮಾತ್ರ ವಿವರಣೆ ಕೇಳುವ ಈ ಅಭ್ಯಾಸ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಅದೇ ಪ್ರಶ್ನೆಯಿಂದ ಅಂಕ ಮೇಲೆ ಹೋಗಿದ್ದರೆ ಯಾರೂ ಒಂದು ಮಾತೂ ಕೇಳುತ್ತಿರಲಿಲ್ಲ.

ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ‘ಸಾಮಾನ್ಯವಾಗಿ ಹೇಳುವುದಾದರೆ, ಹೆಚ್ಚಿನ ಜನರನ್ನು ನಂಬಬಹುದು ಅನ್ನುತ್ತೀರಾ, ಅಥವಾ ಜನರ ಜೊತೆ ವ್ಯವಹರಿಸುವಾಗ ತುಂಬಾ ಎಚ್ಚರವಾಗಿರಬೇಕು ಅನ್ನುತ್ತೀರಾ?’ ಅಮೆರಿಕದ ಜನರಲ್ ಸೋಷಿಯಲ್ ಸರ್ವೆ 1972ರಿಂದಲೇ ಇದನ್ನು ಕೇಳುತ್ತಾ ಬಂದಿದೆ, ಹಲವು ದೇಶಗಳಲ್ಲಿ ನಡೆಯುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲೂ ಇದೆ. 1997ರಲ್ಲಿ ಸ್ಟೀಫನ್ ನ್ಯಾಕ್ ಮತ್ತು ಫಿಲಿಪ್ ಕೀಫರ್ ಮಾರುಕಟ್ಟೆ ಆರ್ಥಿಕತೆಯ 29 ದೇಶಗಳಲ್ಲಿ ಈ ಉತ್ತರಗಳನ್ನೂ ಆರ್ಥಿಕ ಬೆಳವಣಿಗೆಯನ್ನೂ ಜೋಡಿಸಿ ತೋರಿಸಿದರು. ಅಲ್ಲಿಂದ ಮುಂದೆ ಅಭಿವೃದ್ಧಿ ಸಂಶೋಧನೆಯಲ್ಲಿ ಈ ಪ್ರಶ್ನೆಗೆ ಬೇಡಿಕೆ ಹೆಚ್ಚಿತು. ದೇಶ ದೇಶಗಳನ್ನು ಹೋಲಿಸಲು ಬಳಸಿದ್ದನ್ನು ನಾವು ಒಂದು ಯೋಜನೆಯಿಂದ ಒಂದು ಮನೆಯಲ್ಲಿ ಏನು ಬದಲಾಯಿತು ಅಂತ ನೋಡಲು ತಂದುಕೊಂಡೆವು. ಮಧ್ಯದಲ್ಲಿ ಯಾರೂ ನಿಂತು ಇದು ಆ ಕೆಲಸಕ್ಕೆ ಆಗುತ್ತದಾ ಅಂತ ಕೇಳಲಿಲ್ಲ.

ನಾವು ಮಾಡಿದ್ದು ಇಷ್ಟೇ. ಮಿಡ್‌ಲೈನ್‌ನಲ್ಲಿ ಉತ್ತರ ಕೊಟ್ಟವರಲ್ಲಿ ಕೆಲವರ ಹತ್ತಿರ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿದೆವು. ಉತ್ತರ ಬಂದ ತಕ್ಷಣ, ‘ಈಗ ಉತ್ತರ ಹೇಳುವಾಗ ನಿಮ್ಮ ಮನಸ್ಸಿಗೆ ಬಂದವರು ಯಾರು? ಯಾವ ವಿಷಯಕ್ಕೆ ಅವರನ್ನು ನಂಬುವ ಬಗ್ಗೆ ಯೋಚಿಸಿದಿರಿ?’ ಅಂತ ಕೇಳಿದೆವು. ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುವುದು ಇದಕ್ಕೇ. ಬೇಸ್‌ಲೈನ್‌ಗೆ ಮುಂಚೆ ಆಗಬೇಕಿದ್ದ ಕೆಲಸ, ಬಜೆಟ್‌ನಲ್ಲಿ ಆ ಸಾಲನ್ನು ಮ್ಯಾನೇಜ್‌ಮೆಂಟ್ ಹೊಡೆದುಹಾಕಿತ್ತು.

ಒಂದು ಗುಂಪಿನ ಹಣದ ಪೆಟ್ಟಿಗೆಯ ಜವಾಬ್ದಾರಿ ಹೊತ್ತಿದ್ದ ಹೆಣ್ಣುಮಗಳೊಬ್ಬರು ‘ತುಂಬಾ ಎಚ್ಚರವಾಗಿರಬೇಕು’ ಅಂದರು. ನಮ್ಮ ಕೋಡ್‌ಬುಕ್ ಪ್ರಕಾರ ಅದು ಸೊನ್ನೆ, ಅಂದರೆ ಈಕೆ ನಂಬದವರು. ಆದರೆ ಗುಂಪಿನ ಎಲ್ಲರ ದುಡ್ಡು ಈಕೆಯ ಮನೆಯಲ್ಲಿದೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಬೇರೆ ಬೇರೆ ಮೂವರ ಹತ್ತಿರ. ಯಾರು ಮನಸ್ಸಿಗೆ ಬಂದರು ಅಂತ ಕೇಳಿದಾಗ ಆಕೆ ಹೇಳಿದ್ದು: ‘ನಮ್ಮವರನ್ನು ನಂಬ್ತೀನಿ. ನಂಬ್ತೀನಿ ಅಂತಲೇ ಎಚ್ಚರವಾಗಿರ್ತೀನಿ. ನೀವು ಕೇಳಿದಾಗ ಬೇರೆ ಗುಂಪಿನವರು ನೆನಪಾದರು, ಅವರ ಜೊತೆ ಈಗ ಲೆಕ್ಕ ವ್ಯವಹಾರ ಶುರುವಾಗಿದೆಯಲ್ಲ.’

ಈ ಒಂದು ಉತ್ತರದಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಮೊದಲನೆಯದು, ಪ್ರಶ್ನೆಯ ಎರಡು ಆಯ್ಕೆಗಳು ಒಂದಕ್ಕೊಂದು ವಿರುದ್ಧ ಅಲ್ಲವೇ ಅಲ್ಲ. ನಂಬಿಕೆ ಮತ್ತು ಎಚ್ಚರ ಒಬ್ಬರಲ್ಲೇ ಜೊತೆಯಾಗಿ ಇರಬಹುದು. ಮೂರು ಬೀಗದ ಪೆಟ್ಟಿಗೆ ಇರುವುದೇ ಹಾಗೆ: ಬೀಗ ಇದೆ ಅಂತಲೇ ಜನ ಧೈರ್ಯವಾಗಿ ದುಡ್ಡು ಹಾಕುತ್ತಾರೆ. ಯೋಜನೆಯ ತರಬೇತಿಯಲ್ಲಿ ನಾವೇ ‘ಲೆಕ್ಕ ನೋಡಿ, ಎಲ್ಲರೆದುರು ಎಣಿಸಿ’ ಅಂತ ಹೇಳಿಕೊಟ್ಟಿದ್ದೆವು. ಅದನ್ನು ಚೆನ್ನಾಗಿ ಕಲಿತವರು ಎಚ್ಚರದ ಆಯ್ಕೆಯನ್ನೇ ಹೇಳುತ್ತಾರೆ, ನಮ್ಮ ಸ್ಕೋರ್ ಅವರನ್ನು ಸೊನ್ನೆ ಅಂತ ಎಣಿಸುತ್ತದೆ.

ಎರಡನೆಯದು ಇನ್ನೂ ದೊಡ್ಡದು. ‘ಹೆಚ್ಚಿನ ಜನ’ ಅಂದಾಗ ಯಾರು ಮನಸ್ಸಿಗೆ ಬರುತ್ತಾರೆ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ, ಒಬ್ಬರಿಗೇ ಕಾಲಕ್ಕೆ ತಕ್ಕ ಹಾಗೆ ಬದಲಾಗಲೂಬಹುದು. ಇದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆಯೇ ನಮ್ಮ ಹೆಡ್ ಒಪ್ಪಿದ್ದು. ಈ ಅಂಕೆಗಳು ಉದಾಹರಣೆಗೆ ಮಾತ್ರ, ನಮ್ಮ ಡೇಟಾ ಅಲ್ಲ. ನೂರು ಜನ ಇದ್ದಾರೆ ಅಂದುಕೊಳ್ಳಿ. ಬೇಸ್‌ಲೈನ್‌ನಲ್ಲಿ 60 ಜನರಿಗೆ ಈ ಪ್ರಶ್ನೆ ಕೇಳಿದಾಗ ನೆರೆಹೊರೆಯವರು ನೆನಪಾಗುತ್ತಾರೆ, 40 ಜನರಿಗೆ ಪರಿಚಯ ಇಲ್ಲದವರು. ನೆರೆಯವರನ್ನು ನೆನೆಸಿಕೊಂಡವರಲ್ಲಿ ನೂರಕ್ಕೆ 90 ಮಂದಿ ‘ನಂಬಬಹುದು’ ಅನ್ನುತ್ತಾರೆ, ಅಪರಿಚಿತರನ್ನು ನೆನೆಸಿಕೊಂಡವರಲ್ಲಿ ನೂರಕ್ಕೆ 20. ಒಟ್ಟು 54 ಮತ್ತು 8, ಅಂದರೆ 62. ಮಿಡ್‌ಲೈನ್ ಹೊತ್ತಿಗೆ ಜನ ಹೊರಗೆ ಓಡಾಡಿ ಹೊಸಬರ ಜೊತೆ ವ್ಯವಹಾರ ಶುರುಮಾಡಿದ್ದಾರೆ. ಈಗ 40 ಜನರಿಗೆ ನೆರೆಯವರು ನೆನಪಾಗುತ್ತಾರೆ, 60 ಜನರಿಗೆ ಅಪರಿಚಿತರು. ನೆರೆಯವರ ಮೇಲಿನ ನಂಬಿಕೆ ಅದೇ 90, ಅಪರಿಚಿತರ ಮೇಲಿನದು ಅದೇ 20. ಒಟ್ಟು 36 ಮತ್ತು 12, ಅಂದರೆ 48. ಯಾರ ಮೇಲಿನ ನಂಬಿಕೆಯೂ ಒಂದು ಚೂರೂ ಕಮ್ಮಿ ಆಗಿಲ್ಲ, ಆದರೂ ಅಂಕ 14 ಇಳಿಯಿತು. ಜನರ ಸಂಪರ್ಕದ ವ್ಯಾಪ್ತಿ ದೊಡ್ಡದಾಗಿದ್ದಕ್ಕೇ ಇಳಿಯಿತು, ಯೋಜನೆ ಬಯಸಿದ್ದೂ ಅದನ್ನೇ!

ಇದು ನಮ್ಮ ಹೊಸ ಶೋಧ ಏನಲ್ಲ. ವರ್ಲ್ಡ್ ವ್ಯಾಲ್ಯೂಸ್ ಸರ್ವೆ ತನ್ನ ಐದನೇ ಸುತ್ತಿನಲ್ಲಿ ಕುಟುಂಬ, ನೆರೆಹೊರೆ, ಪರಿಚಯಸ್ಥರು, ಮೊದಲ ಸಲ ಭೇಟಿಯಾದವರು, ಬೇರೆ ಧರ್ಮದವರು, ಬೇರೆ ದೇಶದವರು ಅಂತ ಬಿಡಿಸಿ ಆರು ಪ್ರಶ್ನೆ ಕೇಳಿತು. ಆ ಡೇಟಾ ಹಿಡಿದು 2011ರಲ್ಲಿ ಡೆಲ್‌ಹೇ, ನ್ಯೂಟನ್ ಮತ್ತು ವೆಲ್ಜೆಲ್ 51 ದೇಶಗಳನ್ನು ನೋಡಿದರು. ಹೆಚ್ಚಿನ ದೇಶಗಳಲ್ಲಿ ‘ಹೆಚ್ಚಿನ ಜನ’ ಅನ್ನುವ ಮಾತಿಗೆ ಹೊರಗಿನವರೇ ನೆನಪಾಗುತ್ತಾರೆ ಅನ್ನುವುದು ಪ್ರಶ್ನೆಯ ಪರವಾಗಿ ಬಂತು. ಆದರೆ ಆ ಮಾತಿನೊಳಗೆ ಯಾರ್ಯಾರು ಸೇರುತ್ತಾರೆ ಅನ್ನುವ ವ್ಯಾಪ್ತಿ ದೇಶದಿಂದ ದೇಶಕ್ಕೆ ತುಂಬಾ ಬದಲಾಗುತ್ತದೆ, ಶ್ರೀಮಂತ ದೇಶಗಳಲ್ಲಿ ಅಗಲ, ಕನ್‌ಫ್ಯೂಷಿಯನ್ ಸಂಸ್ಕೃತಿಯ ದೇಶಗಳಲ್ಲಿ ಕಿರಿದು ಅಂತಲೂ ಕಂಡಿತು. ಅಲ್ಲಿ ದೇಶಗಳ ನಡುವೆ ಕಂಡದ್ದು ನಮ್ಮಲ್ಲಿ ಒಂದೇ ಮನೆಯ ಎರಡು ಸುತ್ತುಗಳ ನಡುವೆ ಆಗಿರುವ ಸಾಧ್ಯತೆ ಇತ್ತು. ಸಾಧ್ಯತೆ ಅಂತಷ್ಟೇ ಹೇಳುತ್ತೇನೆ, ಯಾಕೆಂದರೆ ಬೇಸ್‌ಲೈನ್‌ನಲ್ಲಿ ಯಾರು ನೆನಪಾಗಿದ್ದರು ಅಂತ ನಾವು ಕೇಳಿರಲಿಲ್ಲ, ಈಗ ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಡೋನರ್‌ಗೆ ಕಳಿಸಿದ ವಿವರಣೆಯಲ್ಲೂ ಅಷ್ಟೇ ಬರೆದೆವು: ನಂಬಿಕೆ ಇಳಿದಿಲ್ಲ ಅಂತ ಹೇಳುವ ಹಾಗಿಲ್ಲ, ಇಳಿದಿದೆ ಅಂತಲೂ ಹೇಳುವ ಹಾಗಿಲ್ಲ. ಈ ವಾಕ್ಯ ತೆಗೆಯಿರಿ ಅಂತ ಒತ್ತಡ ಬಂತು. ತೆಗೆಯಲಿಲ್ಲ.

ಅದೇ ಸಾಲಿನಲ್ಲಿ ಇನ್ನೊಂದು ಗೋಜಲು ಇತ್ತು, ಇಂಡೆಕ್ಸ್. ಗುಂಪಿನ ಸದಸ್ಯತ್ವ, ನಂಬಿಕೆ, ಊರ ಕೆಲಸಕ್ಕೆ ಕೈಜೋಡಿಸುವುದು, ಈ ಮೂರನ್ನೂ ಹಲವು ಉತ್ತರಗಳನ್ನು ಕೂಡಿಸಿ ಒಂದು ಅಂಕ ಮಾಡಲು ಬಳಸುವ ಪಿಸಿಎ ಲೆಕ್ಕಕ್ಕೆ ಹಾಕಿ ಬಂದ ಮೊದಲ ಕಾಂಪೊನೆಂಟ್‌ಗೆ ‘ಸಾಮಾಜಿಕ ಬಂಡವಾಳ’ ಅಂತ ಹೆಸರಿಟ್ಟಿದ್ದರು. ಪಿಸಿಎ ನೋಡುವುದು ಯಾವ ಉತ್ತರಗಳು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವುದನ್ನು ಮಾತ್ರ. ಯಾವುದು ಕಾರಣ, ಯಾವುದು ಫಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ವಿಷಯದಲ್ಲಿ ಸದಸ್ಯತ್ವ ಏರಿದ್ದು ಗುಂಪು ಕಟ್ಟಿದವರು ನಾವೇ ಆದ್ದರಿಂದ. ಅದನ್ನು ಫಲಿತಾಂಶ ಅಂತ ಎಣಿಸುವುದು ನಾವು ಹಂಚಿದ್ದನ್ನೇ ವಾಪಸ್ ಎಣಿಸಿಕೊಂಡ ಹಾಗೆ. ದೀಪಾ ನಾರಾಯಣ್ ಮತ್ತು ಲ್ಯಾಂಟ್ ಪ್ರಿಚೆಟ್ ಟಾಂಜಾನಿಯಾದ ಹಳ್ಳಿಗಳ ಬಗ್ಗೆ ಮಾಡಿದ ಕೆಲಸವನ್ನು ಎಲ್ಲರೂ ಇದಕ್ಕೆ ಆಧಾರ ಅನ್ನುತ್ತಾರೆ. ಆದರೆ ಅವರು ಸುಮ್ನೆ ಸದಸ್ಯತ್ವ ಎಣಿಸಲಿಲ್ಲ, ಗುಂಪು ಹೇಗೆ ನಡೆಯುತ್ತದೆ, ಒಳಗೆ ಯಾರಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡಿದ್ದರು. ಇಂಡೆಕ್ಸ್ ಬಿಡಿಸಿ ನೋಡಿದಾಗ ನಮ್ಮಲ್ಲಿ ಒಂದು ಭಾಗ ಜಾಸ್ತಿ ಏರಿತ್ತು, ಒಂದು ಇಳಿದಿತ್ತು. ಎರಡೂ ಸೇರಿ ಇಂಡೆಕ್ಸ್ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಅಲ್ಲಿಗೆ ಇಂಡೆಕ್ಸ್ ನೋಡಿದವರಿಗೆ ‘ಏನೂ ಬದಲಾಗಿಲ್ಲ’, ಪ್ರಶ್ನೆ ನೋಡಿದವರಿಗೆ ‘ನಂಬಿಕೆ ಹಾಳಾಗಿದೆ’.

ಇಷ್ಟೆಲ್ಲ ಆದ ಮೇಲೆ ಡೋನರ್ ಕಡೆಯ ತಜ್ಞರು, ‘ಪ್ರಶ್ನೆಗಳು ಬೇಡ, ಟ್ರಸ್ಟ್ ಗೇಮ್ ಆಡಿಸೋಣ, ನಿಜವಾದ ದುಡ್ಡಿನಲ್ಲಿ ನಡವಳಿಕೆ ಗೊತ್ತಾಗುತ್ತದೆ’ ಅಂದರು. 1995ರಲ್ಲಿ ಬರ್ಗ್, ಡಿಕ್‌ಹಾಟ್ ಮತ್ತು ಮೆಕ್‌ಕೇಬ್ ರೂಪಿಸಿದ ಆಟ ಅದು. ಮೊದಲನೆಯವರು ತಮ್ಮ ಹತ್ತಿರ ಇರುವುದರಲ್ಲಿ ಎಷ್ಟಾದರೂ ಕಳಿಸಬಹುದು, ಕಳಿಸಿದ್ದು ಮೂರು ಪಟ್ಟಾಗಿ ಎರಡನೆಯವರಿಗೆ ಸೇರುತ್ತದೆ, ಅವರು ಮನಸ್ಸಿದ್ದಷ್ಟು ವಾಪಸ್ ಕೊಡಬಹುದು. ಕಳಿಸಿದ ಮೊತ್ತವೇ ನಂಬಿಕೆ ಅಂತ ಲೆಕ್ಕ. ನಾನು ಒಪ್ಪಲಿಲ್ಲ. 2005ರಲ್ಲಿ ಡೀನ್ ಕಾರ್ಲನ್ ಪೆರುವಿನಲ್ಲಿ ಗುಂಪು ಸಾಲ ಪಡೆದವರಿಗೆ ಈ ಆಟ ಆಡಿಸಿ, ಆಮೇಲೆ ಅವರ ಸಾಲದ ದಾಖಲೆ ನೋಡಿದ್ದರು. ಆಟದಲ್ಲಿ ಜಾಸ್ತಿ ವಾಪಸ್ ಕೊಟ್ಟವರು ಸಾಲವನ್ನೂ ಸರಿಯಾಗಿ ತೀರಿಸಿದರು. ಆದರೆ ಜಾಸ್ತಿ ಕಳಿಸಿದವರ ನಡವಳಿಕೆ ನಂಬಿಕೆಗಿಂತ ಹೆಚ್ಚಾಗಿ ಅಪಾಯಕ್ಕೆ ಕೈಹಾಕುವ ಸ್ವಭಾವದ ಹಾಗೆ ಕಂಡಿತು. 2000ದಲ್ಲಿ ಗ್ಲೇಸರ್ ಮತ್ತು ಜೊತೆಗಾರರು ಹಾರ್ವರ್ಡ್ ವಿದ್ಯಾರ್ಥಿಗಳಲ್ಲಿ ನೋಡಿದಾಗಲೂ, ನಮ್ಮ ಆ ಹಳೇ ಪ್ರಶ್ನೆಗೆ ‘ನಂಬಬಹುದು’ ಅಂದವರು ಜಾಸ್ತಿ ಕಳಿಸಲಿಲ್ಲ, ಬದಲಿಗೆ ಅವರೇ ನಂಬಿಕೆಗೆ ಅರ್ಹರಾಗಿ ನಡೆದುಕೊಂಡರು. ಆಟ ಆಡಿಸಲೇಬೇಕು ಅಂದರೆ ನೋಡಬೇಕಾದದ್ದು ವಾಪಸ್ ಕೊಟ್ಟದ್ದನ್ನು. ಕಳಿಸಿದ್ದನ್ನೂ ಬಳಸುವುದಾದರೆ ಜೊತೆಗೆ ಅಪಾಯದ ಬಗ್ಗೆ ಬೇರೆಯೇ ಒಂದು ಆಟ ಬೇಕು. ಅದಕ್ಕೆ ದುಡ್ಡೂ ಸಮಯವೂ ಇಲ್ಲ ಅಂತ ಗೊತ್ತಾದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಯೋಜನೆಯ ಕೊನೆಗೆ ಮಾಡುವ ಎಂಡ್‌ಲೈನ್ ಸರ್ವೆಯ ಫಾರ್ಮ್ ಈಗ ಹೀಗಿದೆ. ಹಳೇ ಪ್ರಶ್ನೆ ಉಳಿದಿದೆ, ತೆಗೆದರೆ ಬೇಸ್‌ಲೈನ್ ಜೊತೆ ಹೋಲಿಸುವ ಒಂದೇ ಎಳೆಯೂ ಹೋಗುತ್ತದೆ. ಅದರ ಕೆಳಗೇ ‘ಯಾರು ಮನಸ್ಸಿಗೆ ಬಂದರು’ ಅನ್ನುವ ಪ್ರಶ್ನೆ ಇದೆ. ಆಮೇಲೆ ಇಂಥವರನ್ನು ಇಂಥ ವಿಷಯಕ್ಕೆ ನಂಬುತ್ತೀರಾ ಅಂತ ಬಿಡಿಬಿಡಿಯಾಗಿ ಕೇಳುತ್ತೇವೆ: ನೆರೆಯವರಿಗೆ ಮನೆಯ ಕೀಲಿ ಕೊಡುತ್ತೀರಾ, ಬೇರೆ ಗುಂಪಿನವರಿಗೆ ಬರೆದುಕೊಳ್ಳದೆ ಸಾಲ ಕೊಡುತ್ತೀರಾ. ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದರು ಅನ್ನುವುದಕ್ಕೂ ಒಂದು ಕಾಲಂ ಸೇರಿಸಿದ್ದೇವೆ, ಗುಂಪಿನ ಮುಖ್ಯಸ್ಥರು ಎದುರಿಗೆ ಕೂತಿದ್ದರೆ ಉತ್ತರ ಬೇರೆಯಾಗಬಹುದು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಎನ್ಯೂಮರೇಟರ್‌ಗಳನ್ನು ಊರುಗಳಿಗೆ ಚೀಟಿ ಎತ್ತಿ ಹಂಚುತ್ತಿದ್ದೇವೆ, ಒಬ್ಬರು ಕೇಳಿದ ಮನೆಗಳಲ್ಲೆಲ್ಲ ‘ನಂಬಬಹುದು’ ತುಂಬಾ ಜಾಸ್ತಿ ಬಂದರೆ ಮೊದಲು ಆ ಕಡೆ ನೋಡುತ್ತೇವೆ. ಇಂಡೆಕ್ಸ್ ತೆಗೆದುಹಾಕಿದ್ದೇವೆ, ಮೂರನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆಯುತ್ತೇವೆ. ಲಾಗ್‌ಫ್ರೇಮ್‌ನಲ್ಲಿ ಒಂದು ಸಾಲಿಗೆ ಮೂರು ಅಂಕ ಹೇಗೆ ತುಂಬುವುದು ಅಂತ ಡೋನರ್ ಕೇಳಿದ್ದಾರೆ. ಮೂರು ಸಾಲು ಮಾಡಿ ಅಂತ ಉತ್ತರ ಕಳಿಸಿದ್ದೇವೆ, ಇನ್ನೂ ಒಪ್ಪಿಲ್ಲ.