ಇಮ್ಮೊಬಿಲೈಸರ್ ರಿಲೇಯ 86ನೇ ಪಿನ್ನಿಗೆ ಕರೆಂಟು ಎಲ್ಲಿಂದ ಬರಬೇಕು?

ಕಾರಿಗೆ ಹೊರಗಿನ ಅಲಾರಂ ಹಾಕಿಸುವವರು ಸಾಮಾನ್ಯವಾಗಿ ಸೈರನ್ನಿನ ಸದ್ದನ್ನೂ ರಿಮೋಟಿನ ಅಂದವನ್ನೂ ನೋಡುತ್ತಾರೆ. ವಾಹನಗಳ ವೈರಿಂಗ್ ಕೆಲಸ ಮಾಡುವ ನಾನು ಮೊದಲು ನೋಡುವುದು, ಕಳ್ಳರು ಕಾರನ್ನು ಸ್ಟಾರ್ಟ್ ಮಾಡದಂತೆ ತಡೆಯುವ ಅದರ ಇಮ್ಮೊಬಿಲೈಸರ್ ಯಾವ ವೈರನ್ನು ಕಡಿಯುತ್ತದೆ ಎಂಬುದನ್ನು. ಪೆಟ್ರೋಲ್ ಪಂಪಿನ ವೈರಿಗೆ ರಿಲೇ ಹಾಕಿದರೆ, ಆ ರಿಲೇ ಕೆಟ್ಟ ದಿನ ಓಡುತ್ತಿರುವ ಎಂಜಿನ್ ನಡುರಸ್ತೆಯಲ್ಲಿ ನಿಲ್ಲಬಹುದು. ಸ್ಟಾರ್ಟರ್ ವೈರಿಗೆ ಹಾಕಿದರೆ ಆ ಅಪಾಯವಿಲ್ಲ. ಗೇರಿನ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದೆಂಬ ಕೊರತೆ ಮಾತ್ರ ಉಳಿಯುತ್ತದೆ. ನಾನು ಸ್ಟಾರ್ಟರ್ ವೈರನ್ನೇ ಆರಿಸುತ್ತೇನೆ.

ಇಗ್ನಿಷನ್ ಸ್ವಿಚ್ಚಿನಿಂದ ಸ್ಟಾರ್ಟರಿಗೆ ಹೋಗುವ ವೈರನ್ನು ಕತ್ತರಿಸಿ, ಎರಡು ತುದಿಗಳನ್ನು ರಿಲೇಯ 30 ಮತ್ತು 87a ಪಿನ್ನುಗಳಿಗೆ ಸೇರಿಸಬೇಕು. ರಿಲೇಯ ಕಾಯಿಲಿಗೆ ಕರೆಂಟು ಇಲ್ಲದಾಗ ಇವೆರಡೂ ಕೂಡಿರುತ್ತವೆ, ಕರೆಂಟು ಬಂದಾಗ ಬೇರಾಗುತ್ತವೆ. ಆ ಕಾಯಿಲಿನ ಎರಡು ತುದಿಗಳೇ 85 ಮತ್ತು 86. ಅಲಾರಂ ಲಾಕ್ ಆಗಿರುವಾಗ ಅದು 85ನೇ ಪಿನ್ನಿಗೆ ನೆಗೆಟಿವ್ ಕೊಡುತ್ತದೆ. ಉಳಿಯುವುದು 86. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಇಗ್ನಿಷನ್ ವೈರಿನಿಂದಲೇ ಇದಕ್ಕೆ ಪಾಸಿಟಿವ್ ಬರಬೇಕು.

ಬೇರೆಡೆ ಅಲಾರಂ ಹಾಕಿಸಿದ್ದ ಒಂದು ಸಣ್ಣ ಕಾರು, ಕೆಲವು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ ಎಂಬ ದೂರಿನೊಂದಿಗೆ ನನ್ನ ಬಳಿಗೆ ಬಂತು. ಬ್ಯಾಟರಿಯನ್ನು ಆಗಲೇ ಹೊಸದಾಗಿ ಬದಲಿಸಿದ್ದರು. ನೆಗೆಟಿವ್ ಟರ್ಮಿನಲ್ಲಿಗೆ ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ ಕಾರನ್ನು ಲಾಕ್ ಮಾಡಿದಾಗ ಸುಮಾರು 170 ಮಿಲಿಆಂಪಿಯರ್ ಹರಿಯುತ್ತಿತ್ತು. ರಿಲೇ ಕಿತ್ತ ಕೂಡಲೇ ಅದು 20ಕ್ಕೆ ಇಳಿಯಿತು. 86ನ್ನು ನೇರವಾಗಿ ಬ್ಯಾಟರಿಯ ವೈರಿಗೆ ಸೇರಿಸಿದ್ದರಿಂದ ಕಾಯಿಲ್ ಹಗಲಿರುಳೂ 150 ಮಿಲಿಆಂಪಿಯರ್ ಹೀರುತ್ತಿತ್ತು. ದಿನಕ್ಕೆ 3.6 ಆಂಪಿಯರ್-ಅವರ್ ಎಂದರೆ 35 ಆಂಪಿಯರ್-ಅವರಿನ ಬ್ಯಾಟರಿಯ ಅರ್ಧ ಐದೇ ದಿನಗಳಲ್ಲಿ ಖಾಲಿ.

ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿದೆ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 86ನ್ನು ಮ್ಯೂಸಿಕ್ ಸಿಸ್ಟಮ್ಮಿನ ವೈರಿಗೆ ಸೇರಿಸಿದರೆ, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಆ ವೈರಿಗೆ ಕರೆಂಟು ನಿಲ್ಲುವುದರಿಂದ ರಿಲೇ ಮತ್ತೆ ಕೂಡಿಕೊಂಡು, ಲಾಕ್ ಆಗಿರುವ ಕಾರೂ ಸ್ಟಾರ್ಟ್ ಆಗುತ್ತದೆ. ಆದ್ದರಿಂದ ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸುತ್ತಾ, 86ಕ್ಕೆ ಆರಿಸಿದ ವೈರಿನ ವೋಲ್ಟೇಜ್ ಅಳೆಯಬೇಕು. ಅದು ಸ್ವಲ್ಪ ಇಳಿಯಬಹುದು, ಸೊನ್ನೆಯಾಗಬಾರದು.

ಸೆಂಟ್ರಲ್ ಲಾಕಿಂಗಿಗೂ ಅಳತೆಯೇ ಮೊದಲು. ಡ್ರೈವರ್ ಬಾಗಿಲಿನ ಲಾಕ್ ಗುಂಡಿ ಒತ್ತಿದಾಗ ಯಾವ ವೈರ್ ನೆಗೆಟಿವ್ ಆಗುತ್ತದೆ ಎಂಬುದನ್ನು ಮೀಟರಿನಲ್ಲಿ ಕಂಡುಕೊಂಡು, ಅಲಾರಮ್ಮಿನಿಂದಲೂ ಅದಕ್ಕೆ ನೆಗೆಟಿವ್ ಸಂಕೇತವನ್ನೇ ಕೊಡಬೇಕು. ನೆಗೆಟಿವ್ ನಿರೀಕ್ಷಿಸುವ ವೈರಿಗೆ 12 ವೋಲ್ಟ್ ಕೊಟ್ಟರೆ ಬಾಗಿಲುಗಳನ್ನು ನಿಯಂತ್ರಿಸುವ ಕಂಪನಿಯ ಮಾಡ್ಯೂಲೇ ಸುಡಬಹುದು. ಅದರ ಬೆಲೆ ಅಲಾರಮ್ಮಿನ ಬೆಲೆಯನ್ನೂ ಮೀರಬಹುದು.